ಭಟ್ಟಿಯ ಬಾಗಿಲು

ಈ ಕತೆಯನ್ನು ಮೊದಲು ಹೇಳಿದವಳು ಹೊನ್ನಾವರದ ಪಕ್ಕದ ಕಾಸರಕೋಡಿನ ಸುಕ್ರಿ. ೧೯೪೭ರ ಮಾಗಿಯ ಒಂದು ಸಂಜೆ, ಮೀನು ಒಣಗಿಸಿ ಕುಳಿತ ಹೆಂಗಸರ ನಡುವೆ. ಕತೆಯ ಹೊನ್ನಮ್ಮ ಅವಳ ಅತ್ತಿಗೆ.

ಹೊನ್ನಾವರದ ಸರಕಾರಿ ಬಂಗಲೆಯ ಬಟ್ಲರ್ ಯುದ್ಧಕ್ಕೆ ಹೋದ ಮೇಲೆ ಅಲ್ಲಿನ ಅಡುಗೆ ಹೊನ್ನಮ್ಮನ ಕೈಗೆ ಬಂದಿತ್ತು. ಧಾರವಾಡದ ಕಡೆಯ ಜಂಗಲ್ ಸಾಹೇಬರು, ಅಂದರೆ ಅರಣ್ಯ ಇಲಾಖೆಯ ಅಧಿಕಾರಿ, ಬಂದು, ಬುಧವಾರ ಬರಲಿರುವ ತಮ್ಮ ಮೇಲಿನ ದೊಡ್ಡ ಸಾಹೇಬರಿಗೆ ಚಹದ ಜೊತೆ ಕೇಕ್ ಬೇಕು, ಆಗದಿದ್ದರೆ ಭಟ್ಕಳದಿಂದ ಬೇರೆ ಅಡುಗೆಯವನನ್ನು ತರಿಸುತ್ತೇನೆ ಎಂದರು. ರೇಶನ್ ಸಕ್ಕರೆ ಇದ್ದದ್ದು ಮೂರು ಕೇಕಿಗೆ.

ಸೋಮವಾರದ್ದು ಚೆನ್ನಾಗಿಯೇ ಉಬ್ಬಿತು. ಕಡುಬಿನ ಪಾತ್ರೆಯ ಮುಚ್ಚಳ ಎತ್ತಿ ನೋಡುವ ಕೈ ಅವಳದು. ಕೆಂಡ ತುಂಬಿ ಕಾಯಿಸುವ ಇಟ್ಟಿಗೆಯ ಭಟ್ಟಿಯ ಬಾಗಿಲನ್ನು ಎರಡು ಸಲ ತೆರೆದಳು. ಕೇಕಿನ ನಡು ಕುಸಿಯಿತು.

"ಹೊನ್ನಕ್ಕ, ಇದ್ರಲ್ಲಿ ನೀರು ತುಂಬಿ ಬಾತುಕೋಳಿ ಬಿಡಲಕ್ಕು," ಎಂದ ಕಾವಲುಗಾರ ಜಟ್ಟಿ.

"ನಿನ್ನ ಬಾಯಿಗೆ ಬೀಗ ಹಾಕು, ಜಟ್ಟಣ್ಣ."

ಮಂಗಳವಾರ ಬಾಗಿಲು ಮುಟ್ಟಲಿಲ್ಲ. ಆದರೆ ಕೆಂಡ ಆರಿದ ಮೇಲೆ ಕೇಕನ್ನು ತಡಮಾಡಿ ಇಟ್ಟಿದ್ದಳು. ಕೇಕ್ ಉಬ್ಬಿ, ಗಟ್ಟಿಯಾಗದೆ ಮತ್ತೆ ತಗ್ಗಿತು. ಕೊಯ್ದು ನೋಡಿದಳು: ಅಂಚು ಬೆಂದಿದೆ, ನಡು ಅಂಟಂಟು. ಒಳಗಿನ ಗಾಳಿಯೂ ಹಬೆಯೂ ಬಿಸಿಗೆ ಹಿಟ್ಟನ್ನು ಎತ್ತುತ್ತವೆ. ಮೊಟ್ಟೆ, ಹಿಟ್ಟು ಬೆಂದು ಗಟ್ಟಿಯಾಗುವವರೆಗೆ ಆ ಬಿಸಿ ಇಳಿಯಬಾರದು. ಕಾವು ಅತಿಯಾದರೂ ಮೇಲೆ ಕಂದಿ ಒಳಗೆ ಹಸಿ ಉಳಿದೀತು. ಇಷ್ಟು ಅವಳಿಗೆ ತಿಳಿಯಿತು.

ಬುಧವಾರ ಕೆಂಡವನ್ನೆಲ್ಲ ಹೊರಗೆಳೆದು, ಭಟ್ಟಿಯ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕಾವು ನೋಡಲು ಚಿಟಿಕೆ ಹಿಟ್ಟು ಎಸೆದಳು. ಕೂಡಲೇ ಕಪ್ಪಾಯಿತು. ಕಾದಳು. ಮತ್ತೆ ಎಸೆದಾಗ ಹಿಟ್ಟು ನಿಧಾನವಾಗಿ ಹೊಂಬಣ್ಣಕ್ಕೆ ತಿರುಗಿತು. ಕೇಕಿಟ್ಟು ಬಾಗಿಲು ಹಾಕಿದಳು.

ಅರ್ಧ ಬೇಯುವಷ್ಟರಲ್ಲಿ ಜಂಗಲ್ ಸಾಹೇಬರೇ ಅಡುಗೆಮನೆಗೆ ಬಂದರು. "ಬಾಗಲಾ ತಗಿ. ಏನಾಗೇತಿ ನೋಡೂಣು."

ಆ ಬಂಗಲೆಯಲ್ಲಿ ಸಾಹೇಬರ ಮಾತಿಗೆ ಇಲ್ಲ ಎಂದವರಿರಲಿಲ್ಲ. ಜಟ್ಟಿ ಆಗಲೇ ಅಗುಳಿಗೆ ಕೈ ಚಾಚಿದ್ದ. ಹೊನ್ನಮ್ಮ ಅಡ್ಡ ನಿಂತಳು.

"ಬ್ಯಾಡ ಸಾಹೇಬ್ರೇ. ಈಗ ತೆಗೆದ್ರೆ ತಂಪು ಗಾಳಿ ಹೊಕ್ಕಿ ಅದು ಕೂತ್ಬಿಡ್ತದೆ."

"ನನಗ ಎದುರು ಮಾತಾಡ್ತೀ?"

"ಕೇಕ್ ಕೆಟ್ರೆ ನೀವೇ ನನ್ನ ಕಳಿಸೂದು. ಕೆಡದಂಗೆ ನಾನೇ ನೋಡ್ಕಂತೆ."

ಸಾಹೇಬರು ಅವಳನ್ನೇ ದಿಟ್ಟಿಸಿ, ಮೂಲೆಯ ಮಣೆಯ ಮೇಲೆ ಕುಳಿತರು. ಜಟ್ಟಿ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ. ಬೆಂದ ವಾಸನೆ ಗಾಢವಾಗಿ ಬಂದಾಗ ಹೊನ್ನಮ್ಮ ಬಾಗಿಲು ತೆರೆದು ತೆಂಗಿನ ಕಡ್ಡಿ ಚುಚ್ಚಿದಳು. ಕಡ್ಡಿ ಒಣಗಿಯೇ ಹೊರಬಂತು. ನಡು ಎತ್ತರವಾಗಿ ನಿಂತಿತ್ತು.

"ಸಾಹೇಬ ಎಂತ ಮಾಡ್ದ?" ಎಂದು ಕತೆ ಕೇಳುತ್ತ ಕುಳಿತಿದ್ದ ಹೆಂಗಸರಲ್ಲಿ ಮಾದೇವಿ ಕೇಳಿದಳು.

"ಚಹಕ್ಕೆ ಆ ಕೇಕೇ ಹೋಯ್ತು," ಎಂದಳು ಸುಕ್ರಿ. "ಅಡುಗೆಯವನನ್ನು ಕರೆಸೂಕೆ ಭಟ್ಕಳಕ್ಕೆ ಬರೆದಿಟ್ಟ ಕಾಗದ ಹರಿದು ಒಲೆಗೆ ಹಾಕಿದ. ಅತ್ತಿಗೆ ಇವತ್ತಿಗೂ ಅಲ್ಲೇ ಇದ್ದಾಳೆ."

"ಆತು ಹಂಗಾರೆ," ಎಂದಳು ಮಾದೇವಿ. ಹೆಂಗಸರು ಸೀರೆಗೆ ಹತ್ತಿದ ಮರಳು ಕೊಡವಿ, ಬುಟ್ಟಿ ಎತ್ತಿಕೊಂಡು ಮನೆಗಳಿಗೆ ನಡೆದರು.