ಪುಕ್ಕಟೆ ಟ್ಯೂಬಿನ ಬಾಲ

ಖಾನಾಪುರ ಬಸ್ ಸ್ಟ್ಯಾಂಡಿನ ಎದುರು ಕಿರಾಣಿ ಅಂಗಡಿ ಇಟ್ಟಿದ್ದ ಶಿವಬಸವ್ವನಿಗೆ ಎರಡು ಥರದ ಗಂಡಸರನ್ನು ಕಂಡರೆ ಮೈ ಉರಿಯುತ್ತಿತ್ತು. ಮಾಲು ಮುಟ್ಟದೆ ರೇಟು ಕೇಳುವವರು ಒಂದು ಥರ. ಮಾಲು ಮುಟ್ಟದೆ ತೀರ್ಪು ಹೇಳುವವರು ಇನ್ನೊಂದು. ಧವಳ ಟೂತ್‌ಪೇಸ್ಟ್ ಕಂಪನಿಯಿಂದ ಬಂದ ವಿನಯ ಎರಡನೆಯ ಥರದವನು.

ಅವನು ಬರಲು ಕಾರಣ ಊರಿನ ಮಠದ ಹಾಸ್ಟೆಲ್. ಅಲ್ಲಿನ ಆರೇಳು ಹುಡುಗರಿಗೆ ಧವಳದಲ್ಲಿ ಹಲ್ಲುಜ್ಜಿ ಬಾಯಿ ಉರಿದು, ಒಸಡು ಕೆಂಪಾಗಿತ್ತು. ಪೇಸ್ಟು ಕೊಟ್ಟವಳು ಶಿವಬಸವ್ವನೇ, ಅದೂ ಪುಕ್ಕಟೆ. ಕಂಪನಿಯ ಸ್ಕೀಮಿನಲ್ಲಿ ಹನ್ನೆರಡು ಟ್ಯೂಬು ಕೊಂಡರೆ ಒಂದು ಫ್ರೀ. ಉಳಿದ ಅಂಗಡಿಯವರು ಆ ಹದಿಮೂರನೆಯದನ್ನೂ ಮಾರಿ ಲಾಭ ಎಣಿಸುತ್ತಿದ್ದರು. ಈಕೆ ಮಾತ್ರ ಪುಕ್ಕಟೆ ಬಂದದ್ದು ಪುಕ್ಕಟೆಯೇ ಹೋಗಬೇಕೆಂದು, ಅದನ್ನು ಬೇರೆ ಹಲಗೆಯಲ್ಲಿ ಕೂಡಿಹಾಕಿ ಮಠದ ದಾಸೋಹಕ್ಕೆ ಕಳಿಸುತ್ತಿದ್ದಳು. ದಾಸೋಹದ ಮಾಲನ್ನು ಬಿಚ್ಚಿ ನೋಡಬಾರದು ಎಂಬುದು ಅವಳ ಅತ್ತೆಯ ಕಾಲದ ನೇಮ. ಮಾರುವ ಟ್ಯೂಬನ್ನು ನಾಲ್ಕು ಸಲ ತಿರುವಿ ನೋಡುತ್ತಿದ್ದ ಕಣ್ಣು, ಪುಕ್ಕಟೆಯದನ್ನು ಒಂದು ಸಲವೂ ನೋಡಿರಲಿಲ್ಲ.

ಹಾಸ್ಟೆಲಿನವರು ಬಳಸದೆ ಉಳಿದ ಆರು ಟ್ಯೂಬುಗಳನ್ನು ಪೆಟ್ಟಿಗೆ ಸಮೇತ ವಾಪಸು ತಂದು ಅವಳ ಗಲ್ಲಾ ಮೇಲೆ ಇಟ್ಟರು. ವಿನಯ ಕ್ಯಾಮೆರಾ ಹಿಡಿದು ಬಂದ. ಆ ಆರನ್ನೂ ಮಾರುವ ಹಲಗೆಯ ಮಾಲನ್ನೂ ಅವಳ ಕೈಯಿಂದಲೇ ಪೆಟ್ಟಿಗೆಗಳ ಮೇಲೆ ಸಾಲಾಗಿ ಇಡಿಸಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಬಾಲಕ್ಕೊಂದು ಮುಚ್ಚಳಕ್ಕೊಂದು ಫೋಟೋ ಹೊಡೆದ. ಸಾಬೂನು, ಶಾಂಪೂಗಳನ್ನೂ ಬಿಡಲಿಲ್ಲ. ಪ್ರತಿ ಸಲ ಫ್ಲಾಶ್ ಮಿಂಚುವಾಗ ಹೊರಗೆ ನಿಂತ ಗಿರಾಕಿಗಳು ಇವಳ ಮದುವೆಯೋ ಏನೋ ಎಂಬಂತೆ ಬಗ್ಗಿ ನೋಡಿದರು. ಒಂದೂ ಟ್ಯೂಬನ್ನು ಕೈಯಲ್ಲಿ ಹಿಡಿದು ನೋಡದೆ ಐದು ಗಂಟೆಯ ಬಸ್ಸಿಗೆ ಹೋದ.

ಹತ್ತು ದಿನಕ್ಕೆ ಕಾಗದ ಬಂತು. ಅಂಗಡಿಯ ಧವಳವೆಲ್ಲ ನಕಲಿ. ಗುರುವಾರ, ಅಂಗಡಿಗಳಿಗೆ ಧವಳ ಹಂಚುವ ಬೆಳಗಾವಿಯ ಏಜೆನ್ಸಿಗೆ ಬಂದು ಮಾಲು ಎಲ್ಲಿಂದ ಬಂತೆಂದು ಹೇಳಬೇಕು. ಇಲ್ಲವಾದರೆ ಪೊಲೀಸ್ ದೂರು. ಕಾಗದ ಬರುವ ಮೊದಲೇ ಸುದ್ದಿ ಬಂದಿತ್ತು. ಮೂವತ್ತು ವರ್ಷ ಅವಳ ತಕ್ಕಡಿ ನಂಬಿದ್ದ ಹೆಂಗಸರು ಸಕ್ಕರೆ ಪೊಟ್ಟಣವನ್ನೂ ಮೂಸಿ ನೋಡತೊಡಗಿದರು. ಈ ಹೆಸರು ಹೋದರೆ ಅಂಗಡಿಗೆ ಬೀಗ.

ಗುರುವಾರ ಶಿವಬಸವ್ವ ಪೆಟ್ಟಿಗೆ ಸಮೇತ ಆ ಆರು ಟ್ಯೂಬುಗಳ ಜೊತೆ ಮಾರುವ ಹಲಗೆಯ ಒಂದು ಡಜನ್ನನ್ನೂ ಚೀಲಕ್ಕೆ ತುಂಬಿಕೊಂಡು ಬೆಳಗಾವಿಗೆ ಹೋದಳು. ರವಿವಾರ ಪೇಟೆ ಎಂಬ ಬೀದಿಯಲ್ಲಿದ್ದ ಏಜೆನ್ಸಿಯ ಮಾಲೀಕ ಉಳವಪ್ಪ ಹಣೆತುಂಬ ವಿಭೂತಿ ಹಚ್ಚಿ ಕುಳಿತಿದ್ದ. ಮೊದಲು ಟ್ಯೂಬ್ ಕಾರ್ಖಾನೆಯಲ್ಲಿ ದುಡಿದು ಈಗ ಇಲ್ಲಿ ಗೋದಾಮು ನೋಡುವ ತಮ್ಮಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ವಿನಯ ಮೇಜಿನ ಮೇಲೆ ಫೋಟೋಗಳನ್ನು ಇಸ್ಪೀಟು ಎಲೆಯಂತೆ ಹರಡಿದ.

"ನೋಡಿ ಅಮ್ಮಾ, ಅಸಲಿ ಟ್ಯೂಬಿನ ಬಾಲದಲ್ಲಿ ಬ್ಯಾಚ್ ನಂಬರ್ ಒತ್ತಿರಬೇಕು. ಈ ಆರರಲ್ಲಿ ಇಂಕಲ್ಲಿ ಪ್ರಿಂಟಾಗಿದೆ. ನಿಮ್ಮ ಶೆಲ್ಫಿನವುಗಳಲ್ಲಿ ನಂಬರೇ ಇಲ್ಲ. ಎಲ್ಲಾ ನಕಲಿ."

"ನನಗ ಮೊದಲ ಅನುಮಾನ ಇತ್ರೀ ಸಾಹೇಬ್ರ," ಎಂದ ಉಳವಪ್ಪ. "ಸಂತ್ಯಾಗ ಅಗ್ಗದ ಮಾಲ್ ತಗೊಂಡಿರತಾರ. ಹೆಂಗಸ್ರು, ಪಾಪ."

ಶಿವಬಸವ್ವ ಅವನ ಕಡೆ ತಿರುಗಲೂ ಇಲ್ಲ. "ಸಾಹೇಬ್ರ, ನಿಮ್ಮ ಮುಖಕ್ಕ ಎದುರಿಂದ ಬ್ಯಾಟರಿ ಬೆಳಕು ಬಿಟ್ರ ಮೂಗು ಕಾಣತೈತೇನ್ರಿ? ಚಪಾತಿ ಕಂಡಂಗ ಕಾಣತೈತಿ." ಚೀಲದಿಂದ ಒಂದು ಟ್ಯೂಬು ತೆಗೆದು ಕಿಟಕಿಯ ಬಳಿ ಓರೆಯಾಗಿ ಹಿಡಿದಳು. "ಬರ್ರಿ ಇಲ್ಲಿ. ಬೆಳಕು ಬಾಜೂದಿಂದ ಬೀಳಲಿ."

ಫೋಟೋದಲ್ಲಿ ಬೋಳಾಗಿದ್ದ ಬಾಲದ ಮೇಲೆ ಅಕ್ಷರಗಳು ನೆರಳು ಚೆಲ್ಲಿ ಎದ್ದು ನಿಂತವು. ವಿನಯ ಉಗುರಿನಿಂದ ಸವರಿದ. ಒಂದೊಂದು ಅಂಕಿಯೂ ಉಗುರಿಗೆ ತಡೆಯಿತು. ತಿರುವಿದರೆ ಹಿಂದೆಯೂ ಒತ್ತಿನ ಗುರುತು.

"ಅದು ಪೇಸ್ಟು ತುಂಬಿ ಬಾಲ ಕಚ್ಚಿಸೂ ಹೊತ್ತಿಗೆ ಮಷಿನ್ನಿನ ದವಡಿ ಒತ್ತಿದ್ದ್ರಿ," ಎಂದ ತಮ್ಮಣ್ಣ ಬಾಗಿಲಿನಿಂದಲೇ. "ಎದುರಿಂದ ಫ್ಲಾಶ್ ಹೊಡದ್ರ ನೆರಳು ಸಾಯತೈತಿ. ಅಕ್ಷರಾನೂ ಸಾಯತಾವು."

"ನಿನ್ನ ಕೇಳಿದವ್ರು ಯಾರೋ?" ಎಂದ ಉಳವಪ್ಪ.

"ಯಾರೂ ಕೇಳಿಲ್ಲ. ಅದಕ್ಕ ಹಿಂಗ ಆಗೈತಿ."

ವಿನಯ ಡಜನ್ನಿನ ಹನ್ನೆರಡನ್ನೂ ಕಿಟಕಿಗೆ ಹಿಡಿದು ನೋಡಿದ. ಹನ್ನೆರಡರಲ್ಲೂ ನಂಬರು ಇತ್ತು. ಅವನ ಕಿವಿ ಕೆಂಪಾಯಿತು. "ಆದರೆ ಈ ಆರು ಮಾತ್ರ..."

"ಅವು ಕಳ್ಳವs," ಎಂದಳು ಶಿವಬಸವ್ವ, ಆ ಆರನ್ನೂ ಚೀಲದಿಂದ ತೆಗೆದು ಮೇಜಿನ ಮೇಲೆ ಇಡುತ್ತ. "ನಾನs ಹೇಳತೀನಿ. ಬಾಲದ ಗೆರಿ ನೋಡ್ರಿ, ಕುಡದು ಬಂದವ ನಡದಂಗ ಅದಾವು. ಕೈಲೇ ಒತ್ತಿದ ಕೆಲಸ. ನಂಬರು ಚಿತ್ರದ ಜೋಡಿನs ಅಚ್ಚಾಗೈತಿ, ಆರಕ್ಕೂ ಒಂದs ನಂಬರು."

ತಮ್ಮಣ್ಣ ಈಗ ಮೇಜಿನ ಬಳಿಗೆ ಬಂದು ಆರೂ ಮುಚ್ಚಳ ಬಿಚ್ಚಿ ಬೋರಲು ಮಾಡಿದ. ಒಳಗೆ ಸಣ್ಣದಾಗಿ ಏಳರ ಅಂಕಿ. ಆರರಲ್ಲೂ ಏಳು. "ಕಂಪನಿಯವ್ರ ಮುಚ್ಚಳದ ಅಚ್ಚಿನಾಗ ಭಾಳ ಗುಂಡಿ ಇರತಾವ್ರಿ, ಗುಂಡಿಗೊಂದು ಅಂಕಿ. ಅಸಲಿ ಡಜನ್ನಿನಾಗ ಒಂದು ಮೂರು ಇರತೈತಿ, ಒಂದು ಹನ್ನೊಂದು ಇರತೈತಿ. ಇವ ಯಾವನೋ ಒಂದು ಅಸಲಿ ಮುಚ್ಚಳ ತಗೊಂಡು ಅದರ ಪಡಿಯಚ್ಚು ಮಾಡ್ಯಾನ, ಏಳನ್ನೂ ಬಿಡದಂಗ. ಅಂಚಿನಾಗ ಮೀಸಿ ಬಂದಂಗ ಪ್ಲಾಸ್ಟಿಕ್ ಎದ್ದೈತಿ. ಅದನ್ನ ಕೆರಿಯಾಕೂ ಬ್ಯಾಸರ ನಾಯಿಗೆ."

"ಎಲ್ಲಾ ಖರೇನs ಆತಲ್ಲ," ಎಂದ ಉಳವಪ್ಪ ಗಂಟಲು ಸರಿಮಾಡಿಕೊಂಡು. "ಆರು ನಕಲಿ. ಅಕ್ಕಾರು ಎಲ್ಲಿಂದ ತಂದ್ರೋ ಆ ಶಿವನಿಗೇ ಗೊತ್ತು."

"ಶಿವನ್ನ ಯಾಕ ಎಬ್ಬಸ್ತಿ? ಅಂವಾ ಸಾಕ್ಷಿ ಹೇಳಾಕ ಬರಬೇಕಾಗಿಲ್ಲ." ಶಿವಬಸವ್ವ ವಿನಯನದೇ ಒಂದು ಫೋಟೋ ಎತ್ತಿ ಅವನ ಮುಂದೆ ಹಿಡಿದಳು. "ಸಾಹೇಬ್ರ, ನೀವು ಟ್ಯೂಬು ನೋಡಿದ್ರಿ. ಟ್ಯೂಬಿನ ತೆಳಗ ಹಾಸಿದ ಪೆಟ್ಟಿಗಿ ನೋಡಲಿಲ್ಲ."

ನಾಣ್ಯದ ಪಕ್ಕದಲ್ಲಿ, ಪೆಟ್ಟಿಗೆಯ ಮೂಲೆಯಲ್ಲಿ, ನೇರಳೆ ಶಾಯಿಯ ರಬ್ಬರ್ ಸ್ಟ್ಯಾಂಪು. ಉಳವಪ್ಪನ ಏಜೆನ್ಸಿಯ ಹೆಸರು, "ಸ್ಕೀಮ್ ಮಾಲು", ಕೆಳಗೆ ತಾರೀಖು. ಅಂಗಡಿಯವರು ಫ್ರೀ ಟ್ಯೂಬನ್ನು ಎರಡು ಸಲ ಕೇಳಬಾರದೆಂದು ಉಳವಪ್ಪನೇ ಮಾಡಿದ ಬಂದೋಬಸ್ತು ಅದು. ಚೀಲದಿಂದ ಆರು ಪೆಟ್ಟಿಗೆಗಳು ಹೊರಬಂದವು. ದೀಪಾವಳಿಯ ತಾರೀಖು ಒಂದಕ್ಕೆ, ಸಂಕ್ರಾಂತಿಯದು ಇನ್ನೊಂದಕ್ಕೆ, ಶಿವರಾತ್ರಿಯದು ಮತ್ತೊಂದಕ್ಕೆ.

"ಈ ಆರನ್ನ ಇಂವಾ ಐದು ತಿಂಗಳಾಗ ಬ್ಯಾರೆ ಬ್ಯಾರೆ ತಾರೀಖಿಗೆ ಕೊಟ್ಟಾನ, ಬ್ಯಾಚು ಮಾತ್ರ ಒಂದs. ಡಜನ್ನು ಅಸಲಿ, ಹದಿಮೂರನೇದು ನಕಲಿ. ಕಂಪನಿ ಕೊಟ್ಟ ಫ್ರೀ ಮಾಲು ಎಲ್ಲಿ ಮಾರಿದ್ಯೋ ಉಳವಪ್ಪಾ? ಪುಕ್ಕಟೆದ್ದನ್ನ ಯಾರು ತಿರುವಿ ನೋಡತಾರ ಅಂತ ತಿಳಿದಿ. ಖರೇನs, ನಾನೂ ನೋಡಲಿಲ್ಲ. ನನ್ನ ಕಣ್ಣಿಗೆ ಮಣ್ಣು ಬೀಳ್ಲಿ."

ಮೊದಲ ಸಲ ಅವಳ ದನಿ ಒಡೆಯಿತು. ತಾನು ಪುಣ್ಯವೆಂದು ಕೊಟ್ಟದ್ದನ್ನು ಬಾಯಿಗೆ ಹಾಕಿಕೊಂಡು ನೀರು ಉಗುಳುತ್ತಿದ್ದ ಹುಡುಗರ ಮುಖ ಕಣ್ಣಮುಂದೆ ಬಂದಿತ್ತು.

"ಸ್ಟ್ಯಾಂಪು ಯಾರ ಬೇಕಾದವ್ರು ಮಾಡಸಬಹುದ್ರಿ ಸಾಹೇಬ್ರ," ಎಂದ ಉಳವಪ್ಪ. ವಿಭೂತಿಯ ಮೇಲೆ ಬೆವರು ಇಳಿಯುತ್ತಿತ್ತು.

ತಮ್ಮಣ್ಣ ಉಡಿದಾರದಿಂದ ಬೀಗದಕೈ ಬಿಚ್ಚಿ ವಿನಯನ ಮುಂದೆ ಇಟ್ಟ. "ಅಟ್ಟದ ಮ್ಯಾಲ ಮೂರು ಚೀಲ ಅದಾವ್ರಿ. ಮಚ್ಛೆ ಕಾರಖಾನಿಗಳ ಕಡೆಯಿಂದ ಟೆಂಪೋದಾಗ ಬಂದಾವು. ಮುಚ್ಚಳ ಬಿಚ್ಚರಿ, ಏಳು ಬರಲಿಲ್ಲಾಂದ್ರ ನನ್ನ ಮೀಸಿ ಬೋಳಸರಿ."

ವಿನಯ ಮೇಲೆ ಹತ್ತಿದ. ಇಳಿದು ಬಂದಾಗ ಅವನ ಕೈತುಂಬ ಏಳರ ಮುಚ್ಚಳಗಳಿದ್ದವು. ಸೀದಾ ಫೋನಿನ ಕಡೆ ನಡೆದ.

"ಅಕ್ಕಾ," ಎಂದ ಉಳವಪ್ಪ ಮೆಲ್ಲಗೆ, "ಒಂದs ಮಠದ ಭಕ್ತರು ನಾವು."

"ಹೌದಪಾ. ಹಂಗಾದ್ರ ಆ ಮಠದ ಹುಡುಗರ ಮುಂದ ನಿಂತು ಇದರಾಗ ಹಲ್ಲು ತಿಕ್ಕು ಬಾ."

ಫೋನು ಮುಗಿಸಿದ ವಿನಯ ಕ್ಷಮೆ ಕೇಳಲು ಬಾಯಿ ತೆರೆದ. ಅವಳು ತಡೆದಳು. "ಬಾಯಿ ಮಾತು ಬ್ಯಾಡ್ರಿ. ನನ್ನ ಮಾಲು ನಕಲಿ ಅಂತ ಬರದಿದ್ರಲ್ಲ, ಈಗ ಅಸಲಿ ಅಂತ ಬರೀರಿ. ಕನ್ನಡದಾಗ, ದೊಡ್ಡ ಅಕ್ಷರದಾಗ. ಸಹಿ ಹಾಕ್ರಿ."

ಆ ಕಾಗದ ಮರುದಿನ ಅವಳ ಅಂಗಡಿಯಲ್ಲಿ ಬೆಲ್ಲದ ಡಬ್ಬಿಗೆ ಅಂಟಿತ್ತು. ಅದನ್ನು ಓದಲು ಬಂದ ಹೆಂಗಸರನ್ನು ಅವಳು ನಿಲ್ಲಿಸಿಕೊಳ್ಳಲಿಲ್ಲ. ಮಾರುವ ಹಲಗೆಯಿಂದ ಒಂದು ಡಜನ್ ಧವಳ ಇಳಿಸಿ, ಒಂದೊಂದರ ಬಾಲವನ್ನೂ ಬಿಸಿಲಿಗೆ ಓರೆ ಹಿಡಿದು ಉಗುರಿನಿಂದ ಸವರಿ ನೋಡಿ, ಚೀಲಕ್ಕೆ ಹಾಕಿಕೊಂಡು ಹಾಸ್ಟೆಲಿನ ದಾರಿ ಹಿಡಿದಳು.