ರುಖಿಯಮ್ಮನ ಕೋಣೆಯ ತಾರಸಿ

ಶಶಿಪ್ರಭಾ ಶೆಟ್ಟಿ ಮನೆ ಕಟ್ಟಿಸುವ ಇಂಜಿನಿಯರ್. ಅಣ್ಣ ನಿತ್ಯಾನಂದನ ಜೊತೆ ಸೇರಿ ಬಿ.ಸಿ.ರೋಡಿನಲ್ಲಿ ಆಫೀಸು ಇಟ್ಟು ಹನ್ನೊಂದು ವರ್ಷ ಆಗಿತ್ತು. ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡದ ಎರಡನೇ ಮಹಡಿ, ಕಿಟಕಿ ತೆರೆದರೆ ಕಂಡಕ್ಟರುಗಳ ಕೂಗಾಟದಲ್ಲಿ ಫೋನಿನಲ್ಲಿ ಮಾತು ಕೇಳುತ್ತಿರಲಿಲ್ಲ. ಆ ನವೆಂಬರ್ ಹದಿಮೂರರ ಮಧ್ಯಾಹ್ನ ಅವಳೇ ಎದ್ದು ಕಿಟಕಿ ಮುಚ್ಚಿದಳು. ಮೂಡಬಿದಿರೆಯ ಕಾಲೇಜು ಲ್ಯಾಬಿನಿಂದ ಬಂದ ವರದಿ ಮೇಜಿನ ಮೇಲಿತ್ತು.

ಕನ್ಯಾನದ ಇಬ್ರಾಹಿಂ ಖಲೀಲರ ಮನೆಯ ತಾರಸಿ, ಹಿಂದಿನ ಭಾಗ, ಫೇಲು. ಇಪ್ಪತ್ತರ ಬಲ ಇರಬೇಕಾದ ಕಾಂಕ್ರೀಟಿಗೆ ಹದಿಮೂರು ಬಂದಿತ್ತು. ಅದೇ ಕಾಂಕ್ರೀಟನ್ನು ಅಚ್ಚು ಹಾಕಿ ಇಪ್ಪತ್ತೆಂಟು ದಿನ ನೀರಲ್ಲಿಟ್ಟ ಮಾದರಿ ಘನಗಳು ಹಾಗೆ ಹೇಳಿದಾಗ ಅವಳು ನಂಬದೆ ತಾರಸಿಯಿಂದಲೇ ಕೊರೆದು ತುಂಡು ತೆಗೆಸಿ ಕಳಿಸಿದ್ದಳು. ಆ ತುಂಡುಗಳೂ ಅದನ್ನೇ ಹೇಳಿದವು.

ಯಾರ ತಪ್ಪು ಎಂದು ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ. ಅಕ್ಟೋಬರ್ ಎಂಟರಂದು ಕಾಂಕ್ರೀಟು ತಂದ ಮೂರನೇ ಲಾರಿ ಕನ್ಯಾನದ ಏರು ಹತ್ತಲಾಗದೆ ದಾರಿಯಲ್ಲೇ ನಿಂತಿತು. ಮೇಲೆ ಬರುವಷ್ಟರಲ್ಲಿ ಮಾಲು ಗಟ್ಟಿಯಾಗುತ್ತಾ ಬಂದಿತ್ತು. ಮೇಸ್ತ್ರಿ ಮಾಯಿಲಪ್ಪ ಫೋನು ಮಾಡಿ, ನೀರು ಸೇರಿಸಬಹುದೋ, ಲಾರಿ ವಾಪಸು ಕಳಿಸಬೇಕೋ ಎಂದು ಕೇಳಿದ. ಶಶಿಪ್ರಭಾ ಆಗ ಮೂಡಬಿದಿರೆಯಲ್ಲಿ ಇನ್ನೊಂದು ಮನೆಯವರ ಜೊತೆ ಟೈಲ್ಸ್ ಬಣ್ಣ ನೋಡುತ್ತಿದ್ದಳು. ಮೋಡ ಕಟ್ಟಿತ್ತು, ಸಂಜೆ ಮಳೆ ಗ್ಯಾರಂಟಿ. ಸ್ವಲ್ಪ ಹಾಕಿ ಮುಗಿಸಿಬಿಡಿ ಎಂದಳು. ಗಟ್ಟಿಯಾದ ಮಾಲಿಗೆ ನೀರು ಸೇರಿದರೆ ಬಲ ಹೋಗುತ್ತದೆ; ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವರ ಏಳು ತಲೆಮಾರನ್ನು ಜಾಲಾಡುತ್ತಿದ್ದವಳು ಅವಳೇ.

ನಿತ್ಯಾನಂದ ಕೆಟ್ಟವನಲ್ಲ, ಆದರೆ ಕಷ್ಟ ಬಂದರೆ ನೆರಳು ಹುಡುಕುವವನು. ಲಾರಿಯವರ ತಲೆಗೆ ಕಟ್ಟುವ, ಇಲ್ಲದಿದ್ದರೆ ತಾರಸಿಯ ಅಡಿಗೆ ಎರಡು ಕಂಬ ಕೊಟ್ಟು ಸುಧಾರಿಸುವ ಎಂದ. ಗಲ್ಫಿನಲ್ಲಿ ಕೂತ ಖಲೀಲರಿಗೆ ತಾರಸಿಯ ಹೊಟ್ಟೆಯೊಳಗೆ ಏನುಂಟೆಂದು ಹೇಗೆ ಗೊತ್ತಾಗಬೇಕು ಎನ್ನುವುದು ಅವನ ವಾದ.

"ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಣ್ಣ," ಎಂದಳು ಶಶಿಪ್ರಭಾ. "ಅದು ರುಖಿಯಮ್ಮನ ಕೋಣೆಯ ತಾರಸಿ. ಒಡೆದು ಹೊಸತು ಹಾಕ್ತೇನೆ. ಖಲೀಲರಿಗೆ ನಾನೇ ಹೇಳ್ತೇನೆ."

ರುಖಿಯಮ್ಮ ಖಲೀಲರ ತಾಯಿ. ಎಪ್ಪತ್ತರ ಹತ್ತಿರ, ಕುಳ್ಳಗಿನ ಸಣ್ಣ ದೇಹ. ಪಕ್ಕದಲ್ಲೇ ತಂಗಿಯ ಮಗಳು ಸಮೀನಾಳ ಮನೆಯಲ್ಲಿದ್ದುಕೊಂಡು ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಕೆಲಸ ನೋಡುವುದು ಅವರ ನೇಮ. ಸಿಮೆಂಟು ಚೀಲದ ಮೇಲೆ ಕೂತು ಮಾಯಿಲಪ್ಪನಿಗೆ ಬುದ್ಧಿ ಹೇಳುವರು, ಅವನಿಗೇ ಚಾ ತರಿಸುವರು. ಸೆಪ್ಟೆಂಬರಿನಲ್ಲಿ ಒಂದು ದಿನ ಶಶಿಪ್ರಭಾಳನ್ನು ಬದಿಗೆ ಕರೆದು, ತನ್ನ ಕೋಣೆಯ ಬಚ್ಚಲಿನ ಬಾಗಿಲು ಅಗಲ ಮಾಡಬೇಕು, ಗಾಲಿಕುರ್ಚಿ ಹೋಗಬೇಕು ಎಂದರು. ಕಮೋಡಿನ ಪಕ್ಕ ಹಿಡಿದು ಏಳಲಿಕ್ಕೆ ಒಂದು ಸ್ಟೀಲ್ ಪೈಪೂ ಬೇಕಂತೆ. ಯಾಕೆ ಎಂದು ಕೇಳಿದ್ದಕ್ಕೆ, ಅಡಿಕೆಯ ರೇಟು ಹೇಳಿದಷ್ಟು ಸಲೀಸಾಗಿ ಹೇಳಿದರು: ಲಿವರಿನಲ್ಲಿ ಕ್ಯಾನ್ಸರ್, ಮಂಗಳೂರಿನ ಡಾಕ್ಟ್ರು ಮೂರು ನಾಲ್ಕು ತಿಂಗಳು ಎಂದಿದ್ದಾರೆ. ಸಮೀನಾಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

"ಖಲೀಲನಿಗೆ ಹೇಳಬಾರದು ಮಗಳೇ. ಡಿಸೆಂಬರ್ ಹನ್ನೆರಡಕ್ಕೆ ಬರ್ತಾನಲ್ಲ, ಆಗ ನಾನೇ ಹೇಳ್ತೇನೆ. ಈಗಲೇ ಗೊತ್ತಾದರೆ ಕೆಲಸ ಬಿಟ್ಟು ಓಡಿ ಬರ್ತಾನೆ. ನನ್ನ ತಲೆ ಮುಟ್ಟಿ ಹೇಳು."

ಶಶಿಪ್ರಭಾ ತಲೆ ಮುಟ್ಟಿದಳು. ಮನೆ ಡಿಸೆಂಬರ್ ಹದಿನೈದಕ್ಕೆ ಮುಗಿಯುವುದಿತ್ತು. ಮಗ ಬಂದೇ ಬರುತ್ತಾನೆ, ಅಲ್ಲಿಯವರೆಗೆ ಒಂದು ಗುಟ್ಟು ಕಾಪಾಡಿದರೆ ಯಾರಿಗೇನು ನಷ್ಟ ಎಂದುಕೊಂಡಳು.

ಶುಕ್ರವಾರ ಖಲೀಲರಿಗೆ ರಜೆ. ದಮ್ಮಾಮಿನಲ್ಲಿ ಒಂದು ಕಂಪೆನಿಯ ಸ್ಟೋರ್ ಕೀಪರ್ ಅವರು, ಮಾತು ಕಡಿಮೆ. ಶಶಿಪ್ರಭಾ ಗುರುವಾರ ಸಂಜೆಯೆಲ್ಲ ಕೂತು ಎರಡು ಪುಟ ಬರೆದಳು. ಲ್ಯಾಬಿನ ವರದಿ, ಒಡೆಯಬೇಕಾದ ಭಾಗಕ್ಕೆ ಕೆಂಪು ಬಣ್ಣ ಹಚ್ಚಿದ ನಕ್ಷೆ, ಹೊಸ ದಿನಾಂಕಗಳ ಪಟ್ಟಿ ಎಲ್ಲ ಸೇರಿಸಿ ವಾಟ್ಸಾಪಿನಲ್ಲಿ ಕಳಿಸಿ, ಹಿಂದೆಯೇ ವೀಡಿಯೊ ಕಾಲ್ ಮಾಡಿದಳು. ಕೆಟ್ಟ ಸುದ್ದಿಯನ್ನು ಕಾಗದಕ್ಕೆ ಮಾತ್ರ ಒಪ್ಪಿಸಿ ತಾನು ತಪ್ಪಿಸಿಕೊಳ್ಳುವುದು ಅವಳ ಜಾಯಮಾನವಲ್ಲ.

"ಖಲೀಲರೇ, ಮನೆ ಡಿಸೆಂಬರ್ ಹದಿನೈದಕ್ಕೆ ಆಗುವುದಿಲ್ಲ. ಫೆಬ್ರವರಿ ಹತ್ತಕ್ಕೆ ಕೊಡ್ತೇನೆ. ಎಂಟು ವಾರ ತಡ. ತಪ್ಪು ನನ್ನದು. ಗಟ್ಟಿಯಾದ ಕಾಂಕ್ರೀಟಿಗೆ ನೀರು ಸೇರಿಸಲಿಕ್ಕೆ ಫೋನಿನಲ್ಲಿ ನಾನೇ ಹೇಳಿದೆ. ಮೇಸ್ತ್ರಿಯದ್ದಲ್ಲ, ಲಾರಿಯವರದ್ದೂ ಅಲ್ಲ."

ಆಮೇಲೆ ಪಟ್ಟಿ ಓದಿದಳು. ನವೆಂಬರ್ ಮೂವತ್ತರ ಒಳಗೆ ತಾರಸಿಯ ಅಡಿಗೆ ಆನಿಕೆ ಕಂಬ ಕೊಟ್ಟು, ತೊಲೆಗೆ ಪೆಟ್ಟಾಗದ ಹಾಗೆ ಸಣ್ಣ ಬ್ರೇಕರಿನಲ್ಲಿ ಆ ಭಾಗ ಒಡೆಯುವುದು. ಪೆಟ್ಟಾದ ಕಬ್ಬಿಣ ಬದಲಿಸುವುದು. ಡಿಸೆಂಬರ್ ನಾಲ್ಕಕ್ಕೆ ಹೊಸ ಕಾಂಕ್ರೀಟು, ಆ ದಿನ ಬೆಳಗಿನಿಂದ ಅವಳೇ ಅಲ್ಲಿರುವುದು. ಮಾಲು ಸಣ್ಣ ಲಾರಿಯಲ್ಲಿ ತರಿಸುವುದು, ಏರಿನಲ್ಲಿ ಮೊದಲೇ ಒಮ್ಮೆ ಖಾಲಿ ಲಾರಿ ಹತ್ತಿಸಿ ನೋಡುವುದು. ತಾರಸಿಯ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು. ಏಳನೇ ದಿನ ಒಂದು ಪರೀಕ್ಷೆ, ಜನವರಿ ಒಂದಕ್ಕೆ ಕೊನೆಯದು. ಅಷ್ಟರಲ್ಲಿ ಮುಂಭಾಗದ ಟೈಲ್ಸ್, ಬಣ್ಣ. ಖರ್ಚು ಪೂರಾ ಅವಳ ಕಡೆಯದು. ಪ್ರತಿ ಶುಕ್ರವಾರ ಫೋಟೋ ಸಮೇತ ವರದಿ. ಜನವರಿಯ ಪರೀಕ್ಷೆ ಫೇಲಾದರೆ ಮಾತ್ರ ಫೆಬ್ರವರಿ ಹತ್ತು ತಪ್ಪಬಹುದು, ಅದೂ ಅದೇ ದಿನ ತಿಳಿಸುತ್ತೇನೆ ಎಂದಳು.

ಖಲೀಲರು ಕೂಗಾಡಲಿಲ್ಲ. ಒಡೆಯುವಾಗ ಗೋಡೆಗೆ ಬಿರುಕು ಬರುತ್ತದೆಯೋ ಎಂದು ಕೇಳಿದರು, ಉತ್ತರ ಕೇಳಿಸಿಕೊಂಡರು. ಅವರ ಪಕ್ಕದ ರೂಮಿನವನ ಮನೆಗೂ ಹೀಗೇ ಆಗಿ, ಕಂಟ್ರಾಕ್ಟರ್ ಆರು ತಿಂಗಳು ಫೋನೇ ಎತ್ತಿರಲಿಲ್ಲವಂತೆ. ನೀವು ಹೇಳಿದಿರಲ್ಲ, ಅಷ್ಟು ಸಾಕು ಎಂದರು.

ಶಶಿಪ್ರಭಾಳಿಗೆ ಎದೆ ಹಗುರಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೂ ಬಂತು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಒಂದು ಜಂಬ ಉಂಟು, ಒಪ್ಪಿಕೊಂಡವರಿಗೇ ಅದು ಗೊತ್ತು.

ಆಗ ಖಲೀಲರು ಹೇಳಿದರು: "ಹಾಗಾದರೆ ನನ್ನ ರಜೆ ಫೆಬ್ರವರಿಗೆ ಹಾಕ್ತೇನೆ ಮೇಡಂ. ಎರಡು ವರ್ಷಕ್ಕೆ ಒಂದೇ ರಜೆ ನಮಗೆ. ಉಮ್ಮನನ್ನು ಆ ಮನೆಯೊಳಗೆ ನಾನೇ ಕೈಹಿಡಿದು ಕರ್ಕೊಂಡು ಹೋಗಬೇಕು. ರಂಜಾನಿನ ನೋಂಬು ಶುರು ಆಗುವ ಮೊದಲು ಬರ್ತೇನೆ."

ಶಶಿಪ್ರಭಾ ತಡೆಯಲು ನೋಡಿದಳು. ಡಿಸೆಂಬರಿನಲ್ಲೇ ಒಮ್ಮೆ ಬಂದು ಹೋದರೆ ಒಳ್ಳೆಯದಿತ್ತು, ಅಮ್ಮ ಕಾಯ್ತಾ ಇದ್ದಾರೆ ಎಂದಳು. ಮುಗಿಯದ ಮನೆಗೆ ಬಂದು ಏನು ಮಾಡುವುದು ಎಂದು ಖಲೀಲರು ನಕ್ಕರು. ನುಂಗಲೂ ಆಗದೆ ಉಗುಳಲೂ ಆಗದೆ ಅವಳು ಫೋನು ಇಟ್ಟಳು.

ಇಟ್ಟವಳು ಸೀದಾ ಕನ್ಯಾನಕ್ಕೆ ಹೋದಳು. ರುಖಿಯಮ್ಮನ ಕಣ್ಣು ಆಗಲೇ ಹಳದಿಗೆ ತಿರುಗಿತ್ತು. ತಾರಸಿಯ ಸುದ್ದಿಗೆ ಅವರು ಬೇಸರ ಪಡಲಿಲ್ಲ. ರಜೆಯ ಸುದ್ದಿ ಕೇಳಿದ ಮೇಲೆ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. ಈಗಲೇ ಹೇಳಿಬಿಡುವ, ರುಖಿಯಮ್ಮ, ನಾನೇ ಹೇಳ್ತೇನೆ ಎಂದು ಶಶಿಪ್ರಭಾ ಅಂಗಲಾಚಿದಳು. ಅವರು ಅವಳ ಕೈ ಹಿಡಿದು ತಮ್ಮ ತಲೆಯ ಮೇಲೆ ಮತ್ತೆ ಇಟ್ಟುಕೊಂಡರು. ಫೆಬ್ರವರಿವರೆಗೆ ಇರ್ತೇನೆ, ಡಾಕ್ಟ್ರಿಗೆ ಎಲ್ಲ ಗೊತ್ತುಂಟಾ ಎಂದರು. ಅವಳೂ ಅದನ್ನು ನಂಬಿದಳು, ನಂಬಲು ಸುಲಭವಾಗಿತ್ತು.

ಕೆಲಸ ಪಟ್ಟಿಯ ಪ್ರಕಾರವೇ ನಡೆಯಿತು. ನವೆಂಬರ್ ಇಪ್ಪತ್ತೆಂಟಕ್ಕೇ ಒಡೆದು ಮುಗಿಯಿತು. ಡಿಸೆಂಬರ್ ನಾಲ್ಕಕ್ಕೆ ಕಾಂಕ್ರೀಟು ಬಿತ್ತು, ಅವಳು ಬೆಳಗಿನ ಆರರಿಂದ ತಾರಸಿಯ ಮೇಲೇ ಇದ್ದಳು. ಏಳನೇ ದಿನದ ಪರೀಕ್ಷೆ ಚೆನ್ನಾಗಿ ಬಂತು. ಪ್ರತಿ ಶುಕ್ರವಾರ ವರದಿ ಹೋಯಿತು. ಅದರಲ್ಲಿ ಸಿಮೆಂಟು, ಆಳು, ಕರೆಂಟು, ಏನೇನು ತೊಂದರೆ ಬರಬಹುದು ಎಂಬ ಕಲಮೂ ಇತ್ತು. ಒಂದು ಸಾಲು ಮಾತ್ರ ಅದರಲ್ಲಿರಲಿಲ್ಲ. ಚೆಂದದ ಫೋಟೋ ಮೇಡಂ ಎಂದು ಖಲೀಲರು ಉತ್ತರಿಸುತ್ತಿದ್ದರು.

ಡಿಸೆಂಬರ್ ಹನ್ನೆರಡು ಶುಕ್ರವಾರವೇ ಬಂತು. ರುಖಿಯಮ್ಮ ಕೆಲಸ ನೋಡಲು ಬರುವುದು ನಿಂತು ವಾರವಾಗಿತ್ತು. ಶಶಿಪ್ರಭಾ ಸಮೀನಾಳ ಮನೆಗೆ ಹೋದಾಗ ಅವರು ಮಂಚದಲ್ಲಿ ಬಾಗಿಲಿನ ಕಡೆ ಮುಖ ಮಾಡಿ ಮಲಗಿದ್ದರು. ಹಸಿರು ಕಸೂತಿಯ ಹೊಸ ತಲೆವಸ್ತ್ರ, ತಟ್ಟ, ಸುತ್ತಿಕೊಂಡಿದ್ದರು. ಬೆಳಿಗ್ಗೆ ಹಟ ಹಿಡಿದು ಹಾಕಿಸಿಕೊಂಡರು ಎಂದು ಸಮೀನಾ ಕಣ್ಣೊರೆಸಿದಳು.

"ಇವತ್ತು ಅವನು ಬರುವ ದಿನ ಅಲ್ವಾ," ಎಂದರು ರುಖಿಯಮ್ಮ.

ಶಶಿಪ್ರಭಾ ಅಂಗಳಕ್ಕೆ ಬಂದು, ಅಲ್ಲೇ ನಿಂತು, ಖಲೀಲರಿಗೆ ಫೋನು ಮಾಡಿ ಆಣೆ ಮುರಿದಳು. ಕಾಯಿಲೆಯ ವಿಷಯ ಎಲ್ಲ ಹೇಳಿದಳು. ಆಚೆಯಿಂದ ಕಾಲ್ ಕಟ್ಟಾಯಿತು.

ಕಂಪೆನಿಯ ಒಪ್ಪಿಗೆ, ಊರಿಗೆ ಹೋಗಿ ಬರುವ ವೀಸಾ, ಟಿಕೇಟು ಎಂದು ಮೂರು ದಿನ ಹೋಯಿತು. ಸೋಮವಾರ ರಾತ್ರಿಯ ವಿಮಾನ ಸಿಕ್ಕಿತು. ಸೋಮವಾರ ಮಧ್ಯಾಹ್ನ ರುಖಿಯಮ್ಮ ತೀರಿಕೊಂಡರು. ಮಯ್ಯತ್ ಇಟ್ಟುಕೊಂಡು ನನಗಾಗಿ ಕಾಯಬೇಡಿ ಎಂದು ಖಲೀಲರೇ ಫೋನಿನಲ್ಲಿ ಹೇಳಿದರಂತೆ. ಸಂಜೆಗೆ ದಫನ ಆಯಿತು. ಮಗ ಮಂಗಳವಾರ ಬೆಳಿಗ್ಗೆ ಬಂದು ಹಸಿ ಮಣ್ಣು ನೋಡಿದರು.

ಮೂರು ದಿನ ಕಳೆದ ಮೇಲೆ ಅವರು ಹೊಸ ಮನೆಗೆ ಬಂದರು. ಫೋನಿನಲ್ಲಿ ಕಂಡದ್ದಕ್ಕಿಂತ ಕುಳ್ಳಗೆ, ತಾಯಿಯ ಹಾಗೆ. ಆನಿಕೆಗಳ ನಡುವೆ ಬಗ್ಗಿ ಹಿಂದಿನ ಕೋಣೆಗೆ ಹೋಗಿ ಮೇಲೆ ನೋಡುತ್ತಾ ನಿಂತರು. ಮಾಯಿಲಪ್ಪ ಮೆಲ್ಲಗೆ ಹೊರಗೆ ಹೋದ.

"ನಿಮಗೆ ಯಾವಾಗಿನಿಂದ ಗೊತ್ತಿತ್ತು?"

"ಸೆಪ್ಟೆಂಬರಿನಿಂದ. ನವೆಂಬರ್ ಹದಿನಾಲ್ಕಕ್ಕೆ ನಿಮಗೆ ಹೊಸ ತಾರೀಕು ಕೊಡುವಾಗಲೂ ಗೊತ್ತಿತ್ತು." ಆಣೆಯ ವಿಷಯ ನಾಲಿಗೆಯ ತುದಿಗೆ ಬಂತು. ಲಾರಿಯವರ ಹೆಸರು ಹೇಳದವಳು ಸತ್ತವರ ಹೆಸರು ಹೇಳುವುದೇ ಎನ್ನಿಸಿತು. "ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನನ್ನದು."

ಖಲೀಲರು ತಲೆಯಾಡಿಸಿದರು. ಅವರಿಗೆ ಸಿಟ್ಟು ಮಾಡಲಿಕ್ಕೂ ಬರುತ್ತಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

"ನೀವು ಕಾಂಕ್ರೀಟಿನ ವಿಷಯದಲ್ಲಿ ನನಗೊಂದು ಸುಳ್ಳು ಹೇಳಿದ್ದರೆ ಮೇಡಂ, ನಾನು ಹನ್ನೆರಡಕ್ಕೆ ಬರ್ತಿದ್ದೆ," ಎಂದರು. "ನಿಮ್ಮ ಮಾತು ನಂಬಿ ನಿಂತೆ."

ಶಶಿಪ್ರಭಾ ಗೋಡೆಗೆ ಕೈಯಾನಿಸಿ ಅತ್ತಳು. ಹನ್ನೊಂದು ವರ್ಷದಲ್ಲಿ ಕೆಲಸದ ಜಾಗದಲ್ಲಿ ಅವಳು ಒಮ್ಮೆಯೂ ಅತ್ತಿರಲಿಲ್ಲ. ಬೇಕಾದರೆ ಬೇರೆ ಇಂಜಿನಿಯರನ್ನು ಇಟ್ಟುಕೊಳ್ಳಿ, ನಕ್ಷೆ, ಲೆಕ್ಕ ಎಲ್ಲ ಒಪ್ಪಿಸುತ್ತೇನೆ ಎಂದಳು. ಖಲೀಲರು ಬೇಡ ಎಂದರು. ಫೆಬ್ರವರಿ ಹತ್ತು ಅಲ್ವಾ, ಹತ್ತಕ್ಕೇ ಮುಗಿಸಿ, ಸಮೀನಾ ಮತ್ತು ಅವಳ ಮಕ್ಕಳು ಇರ್ತಾರೆ ಎಂದು ಹೇಳಿ ಮರುವಾರ ದಮ್ಮಾಮಿಗೆ ಹೋದರು. ರಜೆ ಉಳಿದಿರಲಿಲ್ಲ.

ಜನವರಿ ಒಂದರ ಪರೀಕ್ಷೆಯಲ್ಲಿ ಇಪ್ಪತ್ತಾರು ಬಂತು. ಶುಕ್ರವಾರದ ವರದಿಗಳು ಹೋದವು. ಚೆಂದದ ಫೋಟೋ ಎಂಬ ಉತ್ತರ ಮಾತ್ರ ಬರಲಿಲ್ಲ.

ಫೆಬ್ರವರಿ ಹತ್ತಕ್ಕೆ ಮನೆ ಮುಗಿಯಿತು, ಒಂದು ದಿನವೂ ಆಚೀಚೆ ಆಗಲಿಲ್ಲ. ಸಮೀನಾಳ ಕೈಗೆ ಬೀಗದ ಕೈ ಕೊಟ್ಟು, ಶಶಿಪ್ರಭಾ ವೀಡಿಯೊ ಕಾಲಿನಲ್ಲಿ ಒಂದೊಂದೇ ಕೋಣೆ ತೋರಿಸುತ್ತಾ ಹೋದಳು. ಹಿಂದಿನ ಕೋಣೆಯ ತಾರಸಿ ತೋರಿಸಿದಳು. ಅಗಲದ ಬಾಗಿಲಿನಿಂದ ಬಚ್ಚಲಿಗೆ ಹೋದಳು. ಗೋಡೆಯ ಸ್ಟೀಲ್ ಪೈಪು ಏನೆಂದು ಖಲೀಲರು ಕೇಳಿದರು.

"ನಿಮ್ಮ ಉಮ್ಮ ಹೇಳಿ ಹಾಕಿಸಿದ್ದು. ಸೆಪ್ಟೆಂಬರಿನಲ್ಲಿ ಅವರನ್ನೇ ಕುರ್ಚಿಯಲ್ಲಿ ಕೂರಿಸಿ ಎತ್ತರ ಗುರುತು ಮಾಡಿದ್ದೆ. ಬೇಡದಿದ್ದರೆ ತೆಗೆಸ್ತೇನೆ."

"ಇರಲಿ," ಎಂದರು ಖಲೀಲರು. ಆಮೇಲೆ, "ಒಮ್ಮೆ ಹಿಡಿದು ತೋರಿಸಿ," ಎಂದರು.

ಶಶಿಪ್ರಭಾ ಎತ್ತರದ ಹೆಂಗಸು. ಅದನ್ನು ಹಿಡಿಯಲು ಅವಳು ಬಹಳ ಬಗ್ಗಬೇಕಾಯಿತು. ಖಲೀಲರು ಸಾಕು ಎನ್ನುವವರೆಗೆ ಹಾಗೆಯೇ ಹಿಡಿದುಕೊಂಡಿದ್ದಳು.