ನೂರು ಗ್ರಾಂ ಸಬ್ಬಕ್ಕಿ

ನನ್ನ ಬಾಯಿ ಸ್ವಲ್ಪ ಜೋರು. ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಪಥ್ಯ ಹೇಳುತ್ತಿದ್ದೇನೆ. ಸಕ್ಕರೆ ಕಾಯಿಲೆಯವರು ಹೇಳುವ ಸುಳ್ಳುಗಳೆಲ್ಲ ನನಗೆ ಬಾಯಿಪಾಠ. ಹಾಗಾಗಿ ಟೈಲರಮ್ಮ ಬಂದು, "ನೀವು ಹೇಳ್ದಷ್ಟೇ ತಿಂದೆ ಮೇಡಮ್, ಒಂದು ಕಾಳೂ ಹೆಚ್ಚಿಲ್ಲ" ಅಂದಾಗ ನಾನು ನಂಬಲಿಲ್ಲ.

ಟೈಲರಮ್ಮನಿಗೆ ಅರವತ್ತೆರಡು. ವಾರಕ್ಕೊಂದು ದಿನ ಉಪವಾಸ, ಅವತ್ತು ಮಧ್ಯಾಹ್ನ ಒಂದೇ ಹೊತ್ತು ಫಲಾಹಾರ. ಅದನ್ನು ತಿಂದು ಎರಡು ಗಂಟೆ ಕಳೆದ ಮೇಲೆ ಅವರ ಮೀಟರ್ ತೋರಿಸಿದ ಸಕ್ಕರೆ ಇನ್ನೂರ ನಲವತ್ತೆಂಟು. ಡಾಕ್ಟರು ಖಂಡತುಂಡವಾಗಿ ಹೇಳಿಬಿಟ್ಟಿದ್ದರು: ಮುಂದಿನ ಸಲ ನೂರ ಎಂಬತ್ತರ ಒಳಗೆ ಬರದಿದ್ದರೆ ಉಪವಾಸ ಬಂದ್.

"ಆರು ದಿನ ಇನ್ನೊಬ್ರ ಅಳತೆಗೆ ಹೊಲೀತೀನಿ. ಆ ಒಂದು ದಿನ ನಂದು. ಅದನ್ನ ಕಿತ್ಕೋಬೇಡಿ," ಅಂದರು ಟೈಲರಮ್ಮ. ಕಣ್ಣಲ್ಲಿ ನೀರು ತುಂಬಿತ್ತು.

"ಕದ್ದು ತಿಂದ್ರೆ ನಾನೇನಮ್ಮ ಮಾಡ್ಲಿ?" ಅಂದೆ. ಅವರ ಮುಖ ಸಪ್ಪಗಾಯಿತು.

"ನನ್ ಸೊಸೇನೂ ಇದನ್ನೇ ಅಂತಾಳೆ."

"ಸರಿ, ನಾಳೆ ನಿಮ್ಮ ಸಾಮಾನೆಲ್ಲ ತಗೊಂಡು ಬನ್ನಿ. ನನ್ನೆದುರಿಗೇ ತೂಗಿ ತೋರ್ಸಿ."

ಮರುದಿನ ಬೆಳಿಗ್ಗೆ ಬಂದೇ ಬಂದರು. ಸಬ್ಬಕ್ಕಿ ಡಬ್ಬಿ, ಅಡುಗೆಮನೆಯ ಪುಟ್ಟ ತಕ್ಕಡಿ, ನಾನೇ ಕೊಟ್ಟಿದ್ದ ಹಾಳೆ, ಎಲ್ಲವನ್ನೂ ಮೇಜಿನ ಮೇಲೆ ಹರಡಿದರು. ನೂರು ಗ್ರಾಂ ಒಳಗಿನ ಪಿಷ್ಟದ ಲೆಕ್ಕ ಆ ಹಾಳೆಯಲ್ಲಿತ್ತು: ಸಬ್ಬಕ್ಕಿ ನಲವತ್ನಾಲ್ಕು, ಉಪವಾಸಕ್ಕೆ ಸಲ್ಲುವ ಕುಟ್ಟು (ಬಕ್‌ವೀಟ್) ಹಿಟ್ಟು ಎಪ್ಪತ್ತೊಂದು, ಕೆರೆಯಲ್ಲಿ ಬೆಳೆಯುವ ಸಿಂಗಾಡ ಕಾಯಿಯ ಹಿಟ್ಟು ಎಪ್ಪತ್ತೇಳು, ಕಡಲೆಬೀಜ ಹದಿನಾರು.

"ಹಿಟ್ಟಿಗಿಂತ ಇದರಲ್ಲೇ ಕಮ್ಮಿ ಅಂತ ಇದೆಯಲ್ಲ? ಅದಕ್ಕೇ ಇದನ್ನೇ ಆರಿಸ್ಕೊಂಡೆ," ಎನ್ನುತ್ತಾ ಟೈಲರಮ್ಮ ಒಣ ಸಬ್ಬಕ್ಕಿಯನ್ನು ಬಟ್ಟಲಿಗೆ ಸುರಿದರು. ತಕ್ಕಡಿ ನೂರು ತೋರಿಸಿದಾಗ ನಿಲ್ಲಿಸಿದರು. ಮತ್ತೆ ಎರಡು ಕಾಳು ಬೆರಳಲ್ಲಿ ತೆಗೆದು ಡಬ್ಬಿಗೆ ಹಾಕಿದರು.

"ಆಮೇಲೆ?"

"ಆಮೇಲೇನು, ನೆನೆಸೋದು, ಒಗ್ಗರಣೆ ಹಾಕೋದು. ಬಟ್ಟಲು ತುಂಬಿ ಆಚೆ ಬರುತ್ತೆ ಮೇಡಮ್! ಮೊದಲೆಲ್ಲ ಇದರಲ್ಲಿ ಅರ್ಧ ಮಾಡ್ಕೊತಿದ್ದೆ. ನೀವು ನೂರು ಅಂತ ಬರ್ದಿದ್ರಲ್ಲ, ಅದಕ್ಕೆ ಕಷ್ಟಪಟ್ಟು ನುಂಗ್ದೆ."

ಹಾಳೆಯನ್ನು ಎಳೆದುಕೊಂಡು ನೋಡಿದೆ. ನಲವತ್ನಾಲ್ಕು ಎಂಬುದು ನೆನೆಸಿ ಉಬ್ಬಿದ ಸಬ್ಬಕ್ಕಿಯ ಲೆಕ್ಕ. ನೂರರಲ್ಲಿ ಅರ್ಧ ಬರೀ ನೀರು. ಮಿಕ್ಕ ಮೂರೂ ಒಣ ಲೆಕ್ಕ. 'ನೆನೆಸಿದ್ದು' ಎನ್ನುವ ಒಂದು ಮಾತನ್ನು ನಾನು ಬರೆದೇ ಇರಲಿಲ್ಲ; ನೂರು ಎಂಬುದು ಬರೀ ಲೆಕ್ಕಕ್ಕೆ, ತಿನ್ನುವ ಅಳತೆಯಲ್ಲ ಎಂದೂ ಹೇಳಿರಲಿಲ್ಲ. ಒಣಗಿದ್ದನ್ನೇ ನೂರು ತೂಗಿದರೆ ಪಿಷ್ಟ ಎಂಬತ್ತೇಳು, ಪ್ರೋಟೀನು ಸೊನ್ನೆ ಅನ್ನಬಹುದು. ಅಯ್ಯೋ ದೇವರೇ! ಹಾಳೆಯೂ ನನ್ನದೇ, ಕಳ್ಳಿ ಅಂದ ಬಾಯಿಯೂ ನನ್ನದೇ.

"ಅಮ್ಮ, ತಪ್ಪು ನಂದು," ಅಂದೆ. ಈ ಬಾಯಿಂದ ಆ ಮಾತು ಹೊರಡುವುದು ಅಪರೂಪ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಟೈಲರಮ್ಮ ಬೈಯಲಿಲ್ಲ. ಕುರ್ಚಿ ಹತ್ತಿರಕ್ಕೆಳೆದುಕೊಂಡು, "ಹಂಗಿದ್ರೆ ಬಿಚ್ಚಿ ಮತ್ತೆ ಹೊಲೀರಿ," ಅಂದರು.

ಹೊಸ ಹಾಳೆ ತೆಗೆದೆ. ಈ ಸಲ ಎಲ್ಲವೂ ಒಣ ತೂಕ, ಒಂದು ಹೊತ್ತಿಗೆ ತಟ್ಟೆಗೆ ಬೀಳುವಷ್ಟೇ. ಸಬ್ಬಕ್ಕಿ ಐವತ್ತು ಗ್ರಾಂ ತೆಗೆದುಕೊಂಡರೂ ಪಿಷ್ಟ ನಲವತ್ನಾಲ್ಕು, ಪ್ರೋಟೀನು ಲೆಕ್ಕಕ್ಕಿಲ್ಲ. ಸಿಂಗಾಡ ಹಿಟ್ಟು ನಲವತ್ತು ಗ್ರಾಮಿಗೆ ಪಿಷ್ಟ ಮೂವತ್ತೊಂದು, ಪ್ರೋಟೀನು ಸುಮಾರು ಮೂರು. ಕುಟ್ಟು ಹಿಟ್ಟು ಅಷ್ಟೇ ತೂಕಕ್ಕೆ ಇಪ್ಪತ್ತೆಂಟು, ಪ್ರೋಟೀನು ಐದು, ನಾರೂ ಉಂಟು. ಕಡಲೆಬೀಜ ಒಂದು ಹಿಡಿ, ಮೂವತ್ತು ಗ್ರಾಂ: ಪಿಷ್ಟ ಐದೇ, ಪ್ರೋಟೀನು ಎಂಟು.

"ಹಾಗಾದ್ರೆ ಕಡಲೆಬೀಜಾನೇ ಬಟ್ಟಲುಗಟ್ಟಲೆ ತಿಂದ್ಬಿಡ್ಲಾ?"

"ಒಂದು ಹಿಡಿಯಲ್ಲೇ ಹದಿನೈದು ಗ್ರಾಂ ಕೊಬ್ಬಿದೆ ತಾಯಿ, ಆಸೆ ಬೇಡ!"

ಇಬ್ಬರೂ ನಕ್ಕೆವು. ಕೊನೆಗೆ ತೀರ್ಮಾನವಾಯಿತು: ನಲವತ್ತು ಗ್ರಾಂ ಕುಟ್ಟು ಹಿಟ್ಟಿನ ರೊಟ್ಟಿ, ಜೊತೆಗೆ ಹುರಿದ ಕಡಲೆಬೀಜ ಒಂದು ಹಿಡಿ. ಪಿಷ್ಟ ಒಟ್ಟು ಮೂವತ್ಮೂರು, ಪ್ರೋಟೀನು ಹದಿಮೂರು. ಡಾಕ್ಟರ ಕೋಣೆಗೆ ಹೋಗಿ, ಆ ಇನ್ನೂರ ನಲವತ್ತೆಂಟು ನನ್ನ ಹಾಳೆಯ ತಪ್ಪು ಎಂದೂ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಇನ್ನೊಂದೇ ಒಂದು ವಾರ," ಅಂದರು.

ಆ ವಾರ ನನಗೇ ಅನ್ನ ಸೇರಲಿಲ್ಲ. ಉಪವಾಸದ ಮರುದಿನ ಟೈಲರಮ್ಮ ಬಾಗಿಲಲ್ಲಿ ಕಂಡಾಗ ಕೂರಲೂ ಹೇಳದೆ "ಎಷ್ಟು?" ಅಂದೆ.

ಮೀಟರ್ ಮುಂದೆ ಹಿಡಿದರು. ನೂರ ಐವತ್ತೆಂಟು. ಅಬ್ಬಾ! ಡಾಕ್ಟರು ಚೀಟಿಯ ಮೇಲೆ ಬರೆದೇ ಕೊಟ್ಟರು: ಉಪವಾಸ ಮುಂದುವರಿಸಬಹುದು, ಪ್ರತಿ ಸಲ ಸಕ್ಕರೆ ನೋಡಿಕೊಳ್ಳಬೇಕು.

ಟೈಲರಮ್ಮ ಚೀಟಿಯನ್ನು ನಾಲ್ಕಾಗಿ ಮಡಿಸಿ ಪರ್ಸಿಗೆ ಸೇರಿಸಿದರು. ಎದ್ದು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ಫೋನು ತೆಗೆದು ಯಾರಿಗೋ ಹಚ್ಚಿ, ನನ್ನ ಕೈಗೆ ಕೊಟ್ಟರು.

"ನನ್ ಸೊಸೆ. ಚೀಟೀಲಿ ಅದೊಂದು ಬರ್ದಿಲ್ಲ. ನೀವೇ ಒಂದು ಮಾತು ಹೇಳಿ."

ಏನೆಂದು ಕೇಳಬೇಕಾಗಿರಲಿಲ್ಲ. ಫೋನು ಕಿವಿಗಿಟ್ಟುಕೊಂಡು, "ನಿಮ್ಮತ್ತೆ ಕದ್ದು ತಿಂದಿಲ್ಲಮ್ಮ," ಅಂದೆ. "ಒಂದು ಕಾಳೂ ಹೆಚ್ಚಿಗೆ ತಿಂದಿಲ್ಲ."